ಸೋತ ಮಗು ಒಪ್ಪಿಕೊಳ್ಳುವ ಚುನಾವಣೆ

ಜೂನ್ ತಿಂಗಳು ಬಂತು ಅಂದ್ರೆ ಜಿಲ್ಲೆಗಳಿಂದ ನಮ್ಮ ಸ್ಟುಡಿಯೋಗೆ ಬರುವ ದೃಶ್ಯಗಳಲ್ಲಿ ಒಂದು ಖಾಯಂ ಇರುತ್ತೆ. ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಜಗುಲಿ. ಸಾಲಾಗಿ ನಿಂತ ಮಕ್ಕಳು. ಎರಡು ಡೆಸ್ಕ್ ಹಾಕಿ ಮಾಡಿದ ಮತಗಟ್ಟೆ, ಬೆರಳಿಗೆ ಸ್ಕೆಚ್ ಪೆನ್ನಿನ ಶಾಯಿ, ಮೇಷ್ಟ್ರ ಮೊಬೈಲಿನಲ್ಲಿ ಮತಯಂತ್ರದ ಆ್ಯಪ್. ಶಾಲಾ ಸಂಸತ್ತಿನ ಚುನಾವಣೆ! ಮುಖ್ಯಮಂತ್ರಿ, ಆರೋಗ್ಯ ಮಂತ್ರಿ, ಆಹಾರ ಮಂತ್ರಿ, ಕ್ರೀಡಾ ಮಂತ್ರಿ ಎಲ್ಲ ಆಯ್ಕೆಯಾಗ್ತಾರೆ, ಪ್ರಮಾಣವಚನ ಆಗುತ್ತೆ, ನಾವು ನಲವತ್ತು ಸೆಕೆಂಡ್ ತೋರಿಸ್ತೀವಿ. ನೋಡೋಕೆ ಮುದ್ದಾಗಿರುತ್ತೆ.

ಆದರೆ ವೀಕ್ಷಕರೇ, ಆ ನಲವತ್ತು ಸೆಕೆಂಡಿನಲ್ಲಿ ಒಬ್ಬರನ್ನು ನಾವು ಯಾವತ್ತೂ ತೋರಿಸಿಲ್ಲ. ಸೋತ ಮಗು. ಆ ಮಗು ಮನೆಗೆ ಹೋಗಿ ಏನು ಹೇಳುತ್ತೆ? "ಮೇಷ್ಟ್ರಿಗೆ ಬೇಕಾದವನನ್ನು ಗೆಲ್ಲಿಸಿದ್ರು" ಅನ್ನುತ್ತಾ? "ಅವನು ಚಾಕೊಲೇಟ್ ಹಂಚಿದ" ಅನ್ನುತ್ತಾ? ಅಥವಾ "ಎಣಿಸುವಾಗ ನಾನೂ ಇದ್ದೆ, ಎರಡು ವೋಟು ಕಡಿಮೆ ಬಂತು" ಅನ್ನುತ್ತಾ? ನನ್ನ ಪ್ರಕಾರ ಶಾಲೆಯ ಚುನಾವಣೆ ಪಾಸೋ ಫೇಲೋ ಅನ್ನೋದು ಈ ಮೂರನೆಯ ಉತ್ತರದಲ್ಲಿದೆ. ಶಾಯಿ, ಯಂತ್ರ, ಪ್ರಮಾಣವಚನ ಎಲ್ಲ ಮೇಲಿನ ಅಲಂಕಾರ. ಸೋತವನು ಒಪ್ಪಿಕೊಳ್ಳುವ ಹಾಗೆ ಚುನಾವಣೆ ನಡೆಸೋದು ಹೇಗೆ ಅನ್ನೋದೇ ಅಸಲಿ ಪಾಠ. ಅದು ಕಷ್ಟದ ಪಾಠ ಅಂತ ದೊಡ್ಡವರ ಚುನಾವಣೆಯ ಎಣಿಕೆಯ ದಿನಗಳಲ್ಲಿ ಸ್ಟುಡಿಯೋದಲ್ಲಿ ಕೂತ ನನಗೆ ಚೆನ್ನಾಗಿ ಗೊತ್ತು.

ಇದನ್ನು ಕುದುರೆಮುಖದ ಸುತ್ತಲಿನ ಶಾಲೆಯೊಂದನ್ನು ಕಣ್ಣಮುಂದೆ ಇಟ್ಟುಕೊಂಡು ಹೇಳ್ತೀನಿ. ಯಾಕೆ ಅಲ್ಲಿಯದೇ? ಒಂದು, ಅಲ್ಲಿ ಶಾಲೆಗಳು ಸಣ್ಣವು. 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಂತಿತು, ಟೌನ್‌ಶಿಪ್ ಖಾಲಿಯಾಗುತ್ತಾ ಬಂತು. ಸಂಸೆ, ಕಳಸ, ಹೊರನಾಡು, ಬಾಳೆಹೊಳೆ ಕಡೆ ಮನೆಗಳು ತೋಟಗಳ ನಡುವೆ ಚದುರಿಕೊಂಡಿವೆ. ಎರಡು, ಒಂದೇ ಬೆಂಚಿನಲ್ಲಿ ತೋಟದ ಮಾಲೀಕರ ಕಡೆಯ ಮಗುವೂ, ಅದೇ ತೋಟದ ಲೈನ್ ಮನೆಯ ಮಗುವೂ ಕೂತಿರಬಹುದು. ಅಪ್ಪ ಅಮ್ಮಂದಿರ ನಡುವೆ ಸಂಬಳದ ಸಂಬಂಧ, ಮಕ್ಕಳ ನಡುವೆ ವೋಟಿನ ಸಂಬಂಧ. ಮೂರು, ಮಳೆ. ಈ ಮೂರೂ ಸೇರಿದಾಗ ಸಣ್ಣ ಚುನಾವಣೆಯೂ ಸಲೀಸಲ್ಲ.

ಒಂದು ಶಾಲೆ ಇದೆ ಅಂತಿಟ್ಟುಕೊಳ್ಳಿ. ಆರು, ಏಳು, ಎಂಟನೇ ತರಗತಿ ಸೇರಿ 63 ಮಕ್ಕಳು. ಶಾಲಾ ನಾಯಕರ ಸ್ಥಾನಕ್ಕೆ ಮೂವರು ಅಭ್ಯರ್ಥಿಗಳು. ಒಬ್ಬರ ಚಿಹ್ನೆ ಕೊಡೆ, ಒಬ್ಬರದು ಗಂಟೆ, ಇನ್ನೊಬ್ಬರದು ಪೆನ್ಸಿಲ್. ಹೆಸರು ಬೇಡ, ಚಿಹ್ನೆಯಲ್ಲೇ ಕರೆಯೋಣ.

ಮೊದಲ ಹೆಜ್ಜೆ ಪ್ರಚಾರವಲ್ಲ, ಮತದಾರರ ಪಟ್ಟಿ. ಹಾಜರಿ ಪುಸ್ತಕ ಇದೆಯಲ್ಲ ಅಂತೀರಾ? ಇದೆ. ಆದರೆ ತೋಟದ ಕೆಲಸಕ್ಕೆ ಬಂದ ಕುಟುಂಬದ ಮಗು ಜೂನ್ ಮೂರನೇ ವಾರದಲ್ಲಿ ಸೇರಿತು ಅಂತಾದ್ರೆ ಅದಕ್ಕೆ ವೋಟು ಇದೆಯೋ ಇಲ್ಲವೋ? ಇದನ್ನು ಮತದಾನದ ದಿನ ಬೆಳಿಗ್ಗೆ ತೀರ್ಮಾನ ಮಾಡಿದ್ರೆ ಯಾರಿಗೋ ಅನುಮಾನ ಬಂದೇ ಬರುತ್ತೆ. ಅದಕ್ಕೇ ಒಂದು ದಿನ ಗೊತ್ತು ಮಾಡಬೇಕು. ಆ ದಿನದೊಳಗೆ ದಾಖಲಾದವರೆಲ್ಲ ಮತದಾರರು ಅಂತ ಪಟ್ಟಿ ಬರೆದು ಜಗುಲಿಯ ಗೋಡೆಗೆ ಅಂಟಿಸಬೇಕು. ಹೆಸರು ಬಿಟ್ಟುಹೋಗಿದ್ರೆ ಹೇಳೋಕೆ ಎರಡು ದಿನ ಟೈಮ್. ಆಮೇಲೆ ಪಟ್ಟಿ ಬಂದ್. ದೊಡ್ಡವರ ಚುನಾವಣೆಯಲ್ಲಿ ನಮ್ಮ ಜನ ವೋಟು ಹಾಕೋಕೆ ಹೋಗಿ "ನನ್ನ ಹೆಸರೇ ಇಲ್ಲ" ಅಂತ ಕ್ಯಾಮೆರಾ ಮುಂದೆ ಕೂಗಾಡ್ತಾರಲ್ಲ, ಕರಡು ಪಟ್ಟಿ ನೋಡುವ ಅಭ್ಯಾಸ ಇಲ್ಲದ್ದೂ ಅದಕ್ಕೊಂದು ಕಾರಣ. ಆ ಅಭ್ಯಾಸ ಹನ್ನೆರಡನೇ ವಯಸ್ಸಿಗೆ ಬರಲಿ ಬಿಡಿ.

ಎರಡನೇ ಹೆಜ್ಜೆ, ಯಾರು ನಿಲ್ಲಬಹುದು? ಇಲ್ಲೇ ಶಾಲೆಗಳು ಹೆಚ್ಚು ಎಡವೋದು. "ಒಳ್ಳೆ ಅಂಕ ಇರಬೇಕು, ಶೇಕಡಾ 75 ಹಾಜರಿ ಇರಬೇಕು" ಅಂತ ನಿಯಮ ಹಾಕಿಬಿಡ್ತಾರೆ. ಕೇಳೋಕೆ ನ್ಯಾಯವಾಗಿದೆ. ಕಾಲೇಜು ಚುನಾವಣೆಗೆ ಲಿಂಗ್ಡೋ ಸಮಿತಿ ಹೇಳಿದ್ದೂ ಇಂಥ ಹಾಜರಿ ನಿಯಮವನ್ನೇ. ಆದರೆ ಕಾಫಿ ಸೀಮೆಯಲ್ಲಿ ಈ ನಿಯಮ ಯಾರನ್ನು ಹೊರಗಿಡುತ್ತೆ ಅಂತ ನೋಡಿ. ಡಿಸೆಂಬರಿನಿಂದ ಫೆಬ್ರವರಿ ತನಕ ಹಣ್ಣು ಕೊಯ್ಲು. ಅಮ್ಮ ತೋಟಕ್ಕೆ ಹೋದಾಗ ಲೈನ್ ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳೋಕೆ ನಿಂತ ಹುಡುಗಿಯ ಹಾಜರಿ ಆ ಮೂರು ತಿಂಗಳು ಕುಸಿದಿರುತ್ತೆ. ನಿಯಮ ಎಲ್ಲರಿಗೂ ಒಂದೇ, ಏಟು ಮಾತ್ರ ಒಬ್ಬಳಿಗೇ. ಹಾಗಾಗಿ ಮಾಧ್ಯಮಿಕ ಹಂತದಲ್ಲಿ ಅರ್ಹತೆ ಸರಳವಾಗಿರಲಿ. ಮತದಾರರ ಪಟ್ಟಿಯಲ್ಲಿ ಹೆಸರು, ಇಬ್ಬರು ಸೂಚಕರ ಸಹಿ, ಅಷ್ಟೇ. ನಾಮಪತ್ರ ತಿರಸ್ಕಾರ ಆದರೆ ಕಾರಣವನ್ನು ಅದೇ ಹಾಳೆಯ ಮೇಲೆ ಬರೆದು ಕೊಡಬೇಕು. ಬಾಯಲ್ಲಿ "ನಿಂಗ್ಯಾಕೋ ಇದೆಲ್ಲ, ಹೋಗಿ ಓದ್ಕೋ" ಅಂದ್ರೆ ಅದು ತಿರಸ್ಕಾರ ಅಲ್ಲ, ಗದರಿಕೆ.

ನಾಮಪತ್ರ ವಾಪಸ್ ಪಡೆಯೋಕೆ ಒಂದು ದಿನ ಇರಲಿ. ಆದರೆ ಆ ದಿನ ಮೇಷ್ಟ್ರು "ಸುಮ್ನೆ ಅವಿರೋಧ ಮಾಡ್ಕೊಳ್ರಪ್ಪಾ" ಅಂತ ಒತ್ತಡ ಹಾಕಬಾರದು. 2020ರ ಗ್ರಾಮ ಪಂಚಾಯಿತಿ ಚುನಾವಣೆಯ ಹೊತ್ತಿಗೆ ಸ್ಥಾನಗಳನ್ನು ಹರಾಜು ಹಾಕಿ ಅವಿರೋಧ ಮಾಡಿಕೊಂಡ ಸುದ್ದಿ ಎಲ್ಲೆಲ್ಲಿಂದ ಬಂತು ಅನ್ನೋದು ನಿಮಗೆ ನೆನಪಿರಬಹುದು. ಶಾಂತಿಯ ಹೆಸರಲ್ಲಿ ಸ್ಪರ್ಧೆಯನ್ನೇ ಮುಗಿಸೋದು ಶಾಲೆಯಲ್ಲಿ ಕಲಿಯಬೇಕಾದ ವಿದ್ಯೆ ಅಲ್ಲ.

ಮೂರನೆಯದು ಪ್ರಚಾರ. ಇಲ್ಲಿ ಲಿಂಗ್ಡೋ ಸಮಿತಿಯ ಒಂದು ಮಾತು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. 2006ರಲ್ಲಿ ಸುಪ್ರೀಂ ಕೋರ್ಟ್ ಜಾರಿ ಮಾಡಿ ಅಂದ ಆ ಶಿಫಾರಸುಗಳಲ್ಲಿ ಅಚ್ಚು ಹಾಕಿಸಿದ ಪೋಸ್ಟರಿಗೆ ಅವಕಾಶ ಇಲ್ಲ, ಕೈಯಲ್ಲಿ ಬರೆದದ್ದಕ್ಕೆ ಮಾತ್ರ. ಶಾಲೆಯಲ್ಲಿ ಇನ್ನೂ ಸುಲಭ ಮಾಡಿ. ಪ್ರತಿ ಅಭ್ಯರ್ಥಿಗೆ ಶಾಲೆಯೇ ನಾಲ್ಕು ಡ್ರಾಯಿಂಗ್ ಹಾಳೆ, ಒಂದು ಸ್ಕೆಚ್ ಪೆನ್ ಪ್ಯಾಕೆಟ್ ಕೊಡುತ್ತೆ. ಮನೆಯಿಂದ ಏನೂ ತರುವ ಹಾಗಿಲ್ಲ. ಚಾಕೊಲೇಟ್ ಇಲ್ಲ, ಪೆನ್ ಇಲ್ಲ, ಹುಟ್ಟುಹಬ್ಬದ ನೆಪದಲ್ಲಿ ಲಾಡೂ ಇಲ್ಲ. ಮನೆಯವರು ಜೀಪಿನಲ್ಲಿ ಬಂದು ಮಕ್ಕಳ ಹತ್ತಿರ "ನಮ್ಮ ಹುಡುಗನಿಗೆ ಹಾಕ್ರೋ" ಅನ್ನೋದೂ ಇಲ್ಲ.

ಭಾಷಣ ಪ್ರಾರ್ಥನೆಯ ಹೊತ್ತಿಗೆ, ಒಬ್ಬರಿಗೆ ಮೂರು ನಿಮಿಷ, ಆಮೇಲೆ ಮಕ್ಕಳಿಂದ ಎರಡು ಪ್ರಶ್ನೆ. ಯಾರು ಮೊದಲು ಮಾತಾಡಬೇಕು ಅನ್ನೋದಕ್ಕೆ ಚೀಟಿ. ಪ್ರತಿಸ್ಪರ್ಧಿಯ ಜಾತಿ, ಮನೆ, ಭಾಷೆ, ಮೈಬಣ್ಣ ಎತ್ತಿದ್ರೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಭಾಷಣದ ಅವಕಾಶ ಇಲ್ಲ. ಈ ಶಿಕ್ಷೆಗಳೂ ಮೊದಲೇ ಗೋಡೆ ಮೇಲೆ ಇರಬೇಕು. ತಪ್ಪು ನಡೆದ ಮೇಲೆ ಹುಟ್ಟಿದ ನಿಯಮವನ್ನು ಯಾರೂ ನಿಯಮ ಅನ್ನಲ್ಲ, ಪಕ್ಷಪಾತ ಅಂತಾರೆ. ಮತದಾನದ ಹಿಂದಿನ ದಿನದ ಕೊನೆಯ ಗಂಟೆಗೆ ಪ್ರಚಾರ ಬಂದ್. ದೊಡ್ಡವರಿಗೆ 48 ಗಂಟೆ, ಮಕ್ಕಳಿಗೆ ಒಂದು ರಾತ್ರಿ ಸಾಕು.

ಇನ್ನು ಭರವಸೆ. "ಪರೀಕ್ಷೆ ತೆಗೆಸ್ತೀನಿ, ದಿನಾ ಬಿರಿಯಾನಿ" ಅನ್ನೋ ಅಭ್ಯರ್ಥಿಗೆ ಚಪ್ಪಾಳೆ ಬೀಳೋದು ಖಂಡಿತ. ಅದನ್ನು ತಡೆಯೋಕೆ ಬೈಯಬೇಕಿಲ್ಲ. ಭರವಸೆ ಚೀಟಿ ಅಂತ ಒಂದು ಹಾಳೆ ಕೊಡಿ, ಅದರಲ್ಲಿ ಮೂರೇ ಸಾಲು. ಏನು ಮಾಡ್ತೀನಿ? ಅದಕ್ಕೆ ಯಾರ ಒಪ್ಪಿಗೆ ಬೇಕು? ಯಾವಾಗೊಳಗೆ? ನಮ್ಮ ಗಂಟೆ ಚಿಹ್ನೆಯ ಹುಡುಗಿ ಬರೆದಳು ಅನ್ನಿ: "ವಾರಕ್ಕೆ ಎರಡು ದಿನ ವಾಲಿಬಾಲ್ ಹೆಣ್ಣುಮಕ್ಕಳಿಗೆ. ದೈಹಿಕ ಶಿಕ್ಷಕರ ಒಪ್ಪಿಗೆ ಬೇಕು. ಆಗಸ್ಟ್ ಮೊದಲ ವಾರದಿಂದ." ಬಿರಿಯಾನಿಯವನು ಎರಡನೇ ಸಾಲಿಗೆ ಬಂದಾಗ ತಾನೇ ನಿಲ್ತಾನೆ. ಈ ಚೀಟಿಗಳು ಗೋಡೆಯಿಂದ ವರ್ಷದ ಕೊನೆ ತನಕ ಇಳಿಯಬಾರದು.

ಈಗ ಮತದಾನ. ನನ್ನ ಅಭಿಪ್ರಾಯ ಕೆಲವು ಮೇಷ್ಟ್ರುಗಳಿಗೆ ಇಷ್ಟ ಆಗದೆ ಇರಬಹುದು, ಆದ್ರೂ ಹೇಳ್ತೀನಿ. ಮೊಬೈಲ್ ಆ್ಯಪ್ ಬಿಡಿ, ಕಾಗದಕ್ಕೆ ಬನ್ನಿ. ಆ್ಯಪಿನಲ್ಲಿ ಬೀಪ್ ಶಬ್ದ ಬರುತ್ತೆ, ಮಕ್ಕಳಿಗೆ ಖುಷಿ, ಒಪ್ಪಿದೆ. ಆದರೆ ಕೊನೆಗೆ ಪರದೆ ಮೇಲೆ ಒಂದು ಸಂಖ್ಯೆ ಬರುತ್ತೆ, ಫೋನು ಮೇಷ್ಟ್ರದು. ಸೋತ ಮಗು "ಇನ್ನೊಂದ್ಸಲ ಎಣಿಸಿ ಸಾರ್" ಅಂದ್ರೆ ತೋರಿಸೋಕೆ ಏನಿದೆ? ದೇಶದ ಮತಯಂತ್ರಕ್ಕೇ ಇದೇ ಪ್ರಶ್ನೆ ಬಂದು, ಮತ ಯಾರಿಗೆ ಬಿತ್ತು ಅನ್ನೋ ಚೀಟಿಯನ್ನು ಏಳು ಸೆಕೆಂಡ್ ತೋರಿಸುವ ಯಂತ್ರವನ್ನು ಪಕ್ಕದಲ್ಲಿ ಇಡಬೇಕಾಯ್ತು. ಆ ಚೀಟಿ ಇಲ್ಲದ ಆ್ಯಪ್ ಅಂದ್ರೆ ನಂಬಿಕೆ ಕೇಳುತ್ತೆ, ಪುರಾವೆ ಕೊಡಲ್ಲ. ಕಾಗದ ಹಾಗಲ್ಲ, ಮೇಜಿನ ಮೇಲೆ ಸುರಿದು ಹತ್ತು ಸಲ ಎಣಿಸಬಹುದು.

ಮತಪತ್ರ ಅಂದ್ರೆ ನೋಟ್‌ಬುಕ್ಕಿನ ಅರ್ಧ ಹಾಳೆ. ಮೂರು ಮನೆ, ಪ್ರತಿ ಮನೆಯಲ್ಲಿ ಹೆಸರು ಮತ್ತು ಚಿಹ್ನೆ. ಈಚೆಗೆ ಹೊರರಾಜ್ಯದಿಂದ ಬಂದು ಕನ್ನಡ ಅಕ್ಷರ ಇನ್ನೂ ಕಲಿಯುತ್ತಿರುವ ಮಗುವಿಗೆ ಚಿಹ್ನೆಯೇ ಆಧಾರ. 65 ಹಾಳೆ ಮಾಡಿ, ಎಣಿಸಿ ಬರೆದಿಡಿ. ಪ್ರತಿ ಹಾಳೆಯ ಹಿಂದೆ ಮತಗಟ್ಟೆಯ ಶಿಕ್ಷಕರ ಸಹಿ ಇರಲಿ, ಕ್ರಮಸಂಖ್ಯೆ ಬೇಡ. ಸಂಖ್ಯೆ ಹಾಕಿದ್ರೆ ಯಾರಿಗೆ ಯಾವ ಹಾಳೆ ಹೋಯ್ತು ಅಂತ ಪತ್ತೆ ಮಾಡಬಹುದು. ಡಬ್ಬ ಖಾಲಿ ಇದೆ ಅಂತ ಮೂವರ ಏಜೆಂಟರಿಗೂ ತೋರಿಸಿ ಅವರ ಮುಂದೆಯೇ ಮುಚ್ಚಿ ಅಂಟಿಸಿ. ಏಜೆಂಟರೂ ಮಕ್ಕಳೇ. ಮತಗಟ್ಟೆಯ ಹಲಗೆ ಶಿಕ್ಷಕರ ಕಣ್ಣಿಗೂ ಕಾಣದ ಹಾಗೆ ಇರಬೇಕು. "ಸಣ್ಣ ಮಕ್ಕಳು, ಸರಿಯಾಗಿ ಹಾಕ್ತಾರೋ ನೋಡ್ತೀನಿ" ಅಂತ ಇಣುಕಿದ್ರೆ ಅಲ್ಲಿಗೆ ಗುಟ್ಟು ಹೋಯ್ತು.

ಗುಟ್ಟಿನ ವಿಷಯದಲ್ಲಿ ಸಣ್ಣ ಶಾಲೆಗೆ ಇನ್ನೂ ಒಂದು ಅಪಾಯ ಇದೆ. ತರಗತಿಗೊಂದು ಡಬ್ಬ ಇಟ್ಟು ಬೇರೆ ಬೇರೆ ಎಣಿಸಿದ್ರೆ ಏನಾಗುತ್ತೆ? "ಆರನೇ ಕ್ಲಾಸಿನವರು ನಂಗೆ ಎರಡೇ ಹಾಕಿದ್ದಾರೆ" ಅಂತ ಗೊತ್ತಾಗುತ್ತೆ. ಹದಿನೆಂಟು ಮಕ್ಕಳ ತರಗತಿಯಲ್ಲಿ ಆ ಇಬ್ಬರು ಯಾರು, ಉಳಿದವರು ಯಾರು ಅಂತ ಕಂಡುಹಿಡಿಯೋದು ಒಂದು ಊಟದ ವಿರಾಮದ ಕೆಲಸ. ಗೆದ್ದವರ ಅಪ್ಪನ ತೋಟದಲ್ಲಿ ಸೋತವರಿಗೆ ವೋಟು ಹಾಕಿದ ಮಗುವಿನ ಅಮ್ಮ ಕೆಲಸ ಮಾಡ್ತಿದ್ರೆ ಆ ಮಗುವಿನ ಸ್ಥಿತಿ ಯೋಚಿಸಿ. ದೊಡ್ಡವರ ಚುನಾವಣೆಯಲ್ಲೂ ಈ ಭಯ ಇತ್ತು. ಮತಪತ್ರದ ಕಾಲದಲ್ಲಿ ಮತದಾರರಿಗೆ ಬೆದರಿಕೆ ಇರುವ ಕಡೆ ಬೇರೆ ಬೇರೆ ಮತಗಟ್ಟೆಯ ಹಾಳೆಗಳನ್ನು ಬೆರೆಸಿ ಎಣಿಸೋಕೆ ನಿಯಮದಲ್ಲೇ ಅವಕಾಶ ಇತ್ತು. ನಮ್ಮ ಶಾಲೆಗೂ ಅದೇ ಮದ್ದು. ಒಂದೇ ಡಬ್ಬ, ಎಲ್ಲ ತರಗತಿ ಬೆರೆಸಿ ಎಣಿಕೆ.

ದಿನಾಂಕ ಹೇಗೆ? ಪಟ್ಟಿಯಿಂದ ಫಲಿತಾಂಶಕ್ಕೆ ಹನ್ನೆರಡು ಶಾಲಾ ದಿನ ಸಾಕು. ಆದರೆ ಕಳಸ, ಮೂಡಿಗೆರೆ ಕಡೆ ಮುಂಗಾರು ಜೋರಾದ್ರೆ ಮಳೆ ರಜೆ ಘೋಷಣೆ ಆಗುತ್ತೆ, ಹಳ್ಳ ತುಂಬಿ ಒಂದು ಕಡೆಯ ಮಕ್ಕಳು ಬರೋಕೇ ಆಗಲ್ಲ. ಆ ದಿನ ಬಂದ ಮೂವತ್ತು ಮಕ್ಕಳಿಂದಲೇ ವೋಟು ಹಾಕಿಸಿ ಮುಗಿಸಿದ್ರೆ ಹಳ್ಳದಾಚೆಯ ಅಭ್ಯರ್ಥಿ ಸೋತದ್ದು ಮಳೆಗೆ. ಹಾಗಾಗಿ ಒಂದು ಸಾಲು ಮೊದಲೇ ಬರೆದಿಡಿ: ಪಟ್ಟಿಯಲ್ಲಿರುವವರ ಪೈಕಿ ಮುಕ್ಕಾಲು ಭಾಗ ಬರದಿದ್ರೆ ಮತದಾನ ಮುಂದಿನ ಶಾಲಾ ದಿನಕ್ಕೆ. ಹೊಸ ಪ್ರಚಾರ ಇಲ್ಲ. ನಮ್ಮ 63ರ ಶಾಲೆಯಲ್ಲಿ ಮುಕ್ಕಾಲು ಅಂದ್ರೆ 48.

ಈಗ ಎಣಿಕೆಗೆ ಬನ್ನಿ. ಆ ದಿನ 58 ಮಕ್ಕಳು ವೋಟು ಹಾಕಿದ್ದಾರೆ. ಮೊದಲು ಹಾಳೆಯ ಲೆಕ್ಕ ತಾಳೆ ಆಗಬೇಕು. ಮಾಡಿದ್ದು 65, ಕೊಟ್ಟದ್ದು 58, ಉಳಿದದ್ದು 7. ಡಬ್ಬದಲ್ಲಿ ಇರೋದೂ 58. ಒಂದು ಹೆಚ್ಚಿದ್ರೂ ಒಂದು ಕಡಿಮೆಯಾದ್ರೂ ಅಲ್ಲಿಗೇ ನಿಲ್ಲಿಸಿ ಕಾರಣ ಹುಡುಕಬೇಕು. ತಾಳೆಯಾದ ಮೇಲೆ ಒಂದೊಂದೇ ಹಾಳೆ ಎತ್ತಿ ಏಜೆಂಟರಿಗೆ ತೋರಿಸಿ ಗುಡ್ಡೆ ಹಾಕಬೇಕು.

ಕೊಡೆಗೆ 22. ಗಂಟೆಗೆ 21. ಪೆನ್ಸಿಲ್‌ಗೆ 13. ತಿರಸ್ಕೃತ 2. ಒಟ್ಟು 58. ಕೊಡೆ ಒಂದು ಮತದಿಂದ ಗೆದ್ದಿತು. ಚಪ್ಪಾಳೆ?

ತಡೀರಿ. ಗಂಟೆಯ ಏಜೆಂಟ್ ಕೈ ಎತ್ತಿದ್ದಾನೆ. ತಿರಸ್ಕೃತವಾದ ಎರಡರಲ್ಲಿ ಒಂದು ಹಾಳೆ ಪೂರ್ತಿ ಖಾಲಿ, ಅದಕ್ಕೆ ತಕರಾರಿಲ್ಲ. ಇನ್ನೊಂದರಲ್ಲಿ ಸರಿ ಗುರುತು ಗಂಟೆಯ ಮನೆಯಲ್ಲಿ ಶುರುವಾಗಿ ಅದರ ಬಾಲ ಮಾತ್ರ ಗೆರೆ ದಾಟಿ ಪೆನ್ಸಿಲ್ ಮನೆಗೆ ಹೋಗಿದೆ. ಆ ಮಗುವಿನ ಕೈ ಸ್ವಲ್ಪ ಉದ್ದ ಎಳೆದಿದೆ ಅಷ್ಟೇ. ಏನು ಮಾಡ್ತೀರಿ? ದೇಶದ ನಿಯಮ ಏನು ಹೇಳುತ್ತೆ ಅಂದ್ರೆ, ಗುರುತು ಅಸ್ಪಷ್ಟವಾಗಿದೆ ಅಂದ ಮಾತ್ರಕ್ಕೆ ಮತಪತ್ರ ತಿರಸ್ಕರಿಸಬಾರದು, ಮತದಾರನ ಇಚ್ಛೆ ಸ್ಪಷ್ಟವಾಗಿ ಗೊತ್ತಾದರೆ ಅದು ಮತವೇ. ನಮ್ಮ ಶಾಲೆಯ ಗೋಡೆಯ ಮೇಲೂ ಇದೇ ಬರೆದಿತ್ತು: ಗುರುತಿನ ಹೆಚ್ಚು ಭಾಗ ಯಾವ ಮನೆಯಲ್ಲಿದೆಯೋ ಅದಕ್ಕೆ ಮತ. ಹಾಳೆ ಮೂವರ ಏಜೆಂಟರ ಮುಂದೆ ಇಟ್ಟಾಗ ಕೊಡೆಯ ಏಜೆಂಟನೂ ಒಪ್ಪಲೇಬೇಕಾಯ್ತು. ಗಂಟೆಗೆ 22. ತಿರಸ್ಕೃತ 1. ಒಟ್ಟು ಈಗಲೂ 58.

ಸಮ ಸಮ! ಈಗ ಮೇಷ್ಟ್ರು "ನನ್ನ ವೋಟು ಇವನಿಗೆ" ಅನ್ನೋ ಹಾಗಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 65ನೇ ಕಲಮು ಸ್ಪಷ್ಟವಾಗಿದೆ. ಮತ ಸಮ ಬಂದ್ರೆ ಚೀಟಿ ಎತ್ತಬೇಕು, ಯಾರಿಗೆ ಚೀಟಿ ಬಂತೋ ಅವರಿಗೆ ಒಂದು ಮತ ಹೆಚ್ಚು ಬಂದ ಹಾಗೆ ಲೆಕ್ಕ. ಎರಡು ಒಂದೇ ಅಳತೆಯ ಚೀಟಿ, ಒಂದು ಡಬ್ಬಿ. ಬಂದದ್ದು ಕೊಡೆ. ಕೊನೆಗೆ ಗೆದ್ದದ್ದು ಮೊದಲಿನವನೇ. ಹಾಗಾದ್ರೆ ಇಷ್ಟೆಲ್ಲ ಯಾಕೆ ಬೇಕಿತ್ತು ಅಂತೀರಾ? ಮೊದಲೇ ಮುಗಿಸಿದ್ದಿದ್ರೆ ಗಂಟೆಯ ಹುಡುಗಿ "ನನ್ನ ವೋಟು ಎಸೆದ್ರು" ಅಂತ ಮನೆಗೆ ಹೋಗ್ತಿದ್ದಳು. ಈಗ ಫಲಿತಾಂಶದ ಹಾಳೆಗೆ ಅವಳ ಏಜೆಂಟನೇ ಸಹಿ ಹಾಕಿದ್ದಾನೆ.

ಒಂದು ವೋಟಿನ ಮಾತು ಕಲ್ಪನೆ ಅಂದುಕೊಳ್ಳಬೇಡಿ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿಯವರ ಎದುರು ಗೆದ್ದದ್ದು ಒಂದೇ ಒಂದು ಮತದಿಂದ. 2023ರಲ್ಲಿ ಇದೇ ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿಯಲ್ಲಿ ಅಂತರ 201 ಮತ. ಇಂಥ ಕಡೆ ತಿರಸ್ಕೃತ ಹಾಳೆಯ ಕಟ್ಟಿಗೆ ಗೆದ್ದವರ ಕಟ್ಟಿನಷ್ಟೇ ಬೆಲೆ.

ಕೊನೆಯದು, ಗೆದ್ದ ಮೇಲೆ ಏನು? ಬಹಳ ಶಾಲೆಗಳಲ್ಲಿ ನಾಯಕನಿಗೆ ಸಿಗುವ ಅಧಿಕಾರ ಒಂದೇ, ಮೇಷ್ಟ್ರು ಇಲ್ಲದಾಗ ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆಯೋದು. ಅದು ನಾಯಕತ್ವ ಅಲ್ಲ, ಕಾನ್‌ಸ್ಟೇಬಲ್ ಕೆಲಸ. ಹೆಸರು ಬರೀತಾನೆ ಅನ್ನೋ ಭಯಕ್ಕೇ ಮುಂದಿನ ವರ್ಷವೂ ಅವನಿಗೇ ವೋಟು ಬೀಳುತ್ತೆ. ಇನ್ನು ಕೆಲವು ಕಡೆ ಸ್ವಚ್ಛತಾ ಮಂತ್ರಿ ಅಂದ್ರೆ ಕಸ ಗುಡಿಸುವವನು ಅಂತ ಅರ್ಥ. ಎರಡೂ ತಪ್ಪು. ಆರೋಗ್ಯ ಮಂತ್ರಿಯ ಕೆಲಸ ಶೌಚಾಲಯ ತೊಳೆಯೋದಲ್ಲ, ನೀರು ಬಂದಿದೆಯಾ ಅಂತ ದಿನಾ ನೋಡಿ ಪುಸ್ತಕದಲ್ಲಿ ಬರೆದು, ಬಂದಿಲ್ಲದಿದ್ರೆ ಮುಖ್ಯ ಶಿಕ್ಷಕರಿಗೆ ಬರಹದಲ್ಲಿ ಕೊಡೋದು. ಆಹಾರ ಮಂತ್ರಿ ಬಿಸಿಯೂಟಕ್ಕೆ ಕೂತವರ ತಲೆ ಎಣಿಸಿ ಬರೆಯೋದು.

ಆ ಪುಸ್ತಕವನ್ನು ತಿಂಗಳಿಗೊಮ್ಮೆ ಯಾರು ನೋಡಬೇಕು ಗೊತ್ತಾ? ಸೋತ ಅಭ್ಯರ್ಥಿ. ತಮಾಷೆ ಅಲ್ಲ. ಸಂಸತ್ತಿನಲ್ಲಿ ಸರ್ಕಾರದ ಖರ್ಚಿನ ಲೆಕ್ಕ ನೋಡುವ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದವರನ್ನೇ ಅಧ್ಯಕ್ಷರನ್ನಾಗಿ ಮಾಡುವ ಪದ್ಧತಿ 1967ರಿಂದ ನಡೆದುಬಂದಿದೆ. ನಮ್ಮ ಗಂಟೆಯ ಹುಡುಗಿ ಪುಸ್ತಕ ನೋಡಿ ಪ್ರಾರ್ಥನೆಯ ದಿನ ಎರಡು ಪ್ರಶ್ನೆ ಕೇಳ್ತಾಳೆ: "ಜುಲೈಯಲ್ಲಿ ಆರು ದಿನ ನೀರು ಬಂದಿಲ್ಲ ಅಂತ ಬರೆದಿದೆ. ಅರ್ಜಿ ಎಷ್ಟು ಸಲ ಕೊಟ್ರಿ?" ಕೊಡೆಯ ಹುಡುಗ ಉತ್ತರ ಕೊಡಬೇಕು. ಉತ್ತರ ಅವನ ಕೈಯಲ್ಲಿ ಇಲ್ಲದಿದ್ರೆ ಅದು ಎಸ್‌ಡಿಎಂಸಿ ಸಭೆಗೆ ಹೋಗಬೇಕು, ಅಲ್ಲಿಂದ ಗ್ರಾಮ ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮ ಸಭೆಗೆ. ಘಟ್ಟದ ಕೆಳಗೆ ಕುಂದಾಪುರ ಸೀಮೆಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯಿತಿಗಳು ನಡೆದವು. ಮಕ್ಕಳೇ ಆರಿಸಿದ ಪ್ರತಿನಿಧಿಗಳು ತಮ್ಮ ಅಹವಾಲನ್ನು ದೊಡ್ಡವರ ಪಂಚಾಯಿತಿಯ ಮುಂದೆ ಇಡುವ ವ್ಯವಸ್ಥೆ ಅದು. ಕೇಳಿಸಿಕೊಳ್ಳುವ ದೊಡ್ಡವರು ಎದುರಿಗೆ ಇಲ್ಲದಿದ್ರೆ ಶಾಲಾ ಸಂಸತ್ತು ಎರಡೇ ತಿಂಗಳಲ್ಲಿ ಬ್ಯಾಡ್ಜ್ ಹಾಕಿಕೊಂಡು ತಿರುಗುವ ಆಟ ಆಗಿಬಿಡುತ್ತೆ.

ದಸರಾ ರಜೆ ಮುಗಿದು ಬಂದ ವಾರ ಭರವಸೆ ಚೀಟಿಗಳನ್ನು ಮತ್ತೆ ಓದಿಸಿ. ಆಗಿದ್ದು, ಆಗದ್ದು, ಯಾಕೆ ಆಗಲಿಲ್ಲ. ಮಳೆಗೆ ಅಂಗಳ ಕೆಸರಾಗಿ ಆಗಸ್ಟಿನಲ್ಲಿ ಆಟ ನಡೆಯಲಿಲ್ಲ ಅಂದ್ರೆ ಅದೂ ಉತ್ತರವೇ, ಆದರೆ ನವೆಂಬರಿನಲ್ಲಿ ಯಾಕಿಲ್ಲ ಅನ್ನೋದಕ್ಕೆ ಬೇರೆ ಉತ್ತರ ಬೇಕು.

ತಂದೆ ತಾಯಂದಿರಿಗೆ ಒಂದೇ ಮಾತು. ನಿಮ್ಮ ಮನೆಯ ಮಗು ಚುನಾವಣೆಗೆ ನಿಂತು ಸಂಜೆ ಬ್ಯಾಗು ಎಸೆದು ಕೂತರೆ "ಹೋಗ್ಲಿ ಬಿಡು, ಮುಂದಿನ ಸಲ ಗೆಲ್ತೀಯ" ಅಂತ ಶುರು ಮಾಡಬೇಡಿ. ಮೊದಲು ಕೇಳಿ: ಎಣಿಸುವಾಗ ನಿನ್ನ ಕಡೆಯವರು ಕೂತಿದ್ರಾ? ಹಾಳೆ ಒಂದೊಂದಾಗಿ ತೋರಿಸಿದ್ರಾ? ಲೆಕ್ಕ ತಾಳೆ ಆಯ್ತಾ? ಮೂರಕ್ಕೂ ಹೌದು ಅಂದ್ರೆ ಗೆದ್ದವನಿಗೆ ನಾಳೆ ಕೈ ಕುಲುಕಿ ಬಾ ಅನ್ನಿ. ಒಂದಕ್ಕೆ ಇಲ್ಲ ಅಂದ್ರೂ ಮಾರನೇ ದಿನ ಶಾಲೆಗೆ ಹೋಗಿ ಮುಖ್ಯ ಶಿಕ್ಷಕರ ಹತ್ತಿರ ಕೂತು, ಮಗುವಿನ ಸೋಲಿನ ಬಗ್ಗೆ ಅಲ್ಲ, ಆ ಒಂದು ಪ್ರಶ್ನೆಯ ಬಗ್ಗೆ ಮಾತಾಡಿ.